ಮಗಳ ಟೂರ್ನಿಗೆ ಹಣ ಕೇಳುವಾಗ ‘ಇತರೆ ಖರ್ಚು’ ಅನ್ನೋ ಸಾಲು

ಗೋಣಿಕೊಪ್ಪದಿಂದ: ನಮ್ಮ ಅಣ್ಣನ ಮಗಳಿಗೆ 17 ವರ್ಷ, ಬ್ಯಾಡ್ಮಿಂಟನ್ ಆಡ್ತಾಳೆ. ಯುರೋಪಿನಲ್ಲಿ ಎರಡು ಜೂನಿಯರ್ ಟೂರ್ನಿಗೆ ಎಂಟ್ರಿ ಆಗಿದೆ, ಖರ್ಚು ನಮ್ಮದೇ. ‘ಎರಡೂವರೆ ಲಕ್ಷ ಬೇಕು, ದಯವಿಟ್ಟು ಸಹಾಯ ಮಾಡಿ’ ಅಂತ ವಾಟ್ಸಾಪಿಗೆ ಹಾಕಿದ್ವಿ. ನಾಲ್ಕು ದಿನಕ್ಕೆ 9,000 ಬಂತು, ಆಮೇಲೆ ಯಾರೂ ಉತ್ತರಾನೇ ಕೊಡ್ತಿಲ್ಲ. ಹೇಗೆ ಬರೀಬೇಕು?

ವಿರಾಜಪೇಟೆ, ಆಟಗಾರನ ತಾಯಿ: ಮೂರು ವರ್ಷದ ಹಿಂದೆ ನನ್ನ ಮಗನಿಗೆ ಇದೇ ಪಾಡು. ನಾವು ಬರೆದಿದ್ದ ಪಟ್ಟಿಯ ಕೊನೆಯಲ್ಲಿ ‘ಇತರೆ 40,000’ ಅಂತಿತ್ತು. ಸಿದ್ದಾಪುರದ ಒಬ್ಬ ತೋಟದವರು ಫೋನ್ ಮಾಡಿ, ‘ಅಮ್ಮಾ, ಈ ಇತರೆ ಯಾರು?’ ಅಂದ್ರು. ನನಗೆ ಮುಖ ಕೆಂಪಾಯ್ತು. ಅದು ನಿಜವಾಗಿ ಜೊತೆಗೆ ಹೋಗೋ ಕೋಚ್‌ನ ವೆಚ್ಚದಲ್ಲಿ ನಮ್ಮ ಪಾಲು. ಹಾಗೇ ಬರೆದಿದ್ರೆ ಯಾರೂ ಕೇಳ್ತಿರಲಿಲ್ಲ.

ಎರಡನೇ ಸಲ ಹೀಗೆ ಮಾಡಿದ್ವಿ. ಒಟ್ಟು ಖರ್ಚು 2,61,000. ಮನೆಯಿಂದ 75,000 ಹಾಕಿದ್ದೇವೆ, ಒಂದು ಸಂಘ 36,000 ಕೊಟ್ಟಿದೆ, ಉಳಿದ 1,50,000 ಕೇಳ್ತಿದ್ದೇವೆ. ಮನೆಯವರು ಏನು ಹಾಕಿದ್ದಾರೆ ಅನ್ನೋದು ಮೊದಲ ಸಾಲಿನಲ್ಲೇ ಇರಬೇಕು. ಕೊಡೋರು ಮೊದಲು ಅದನ್ನೇ ನೋಡ್ತಾರೆ. ವಿಮಾನ, ವೀಸಾ, ವಸತಿ, ಊಟ, ಎಂಟ್ರಿ ಫೀ, ಕೋಚ್ ಪಾಲು, ಪ್ರತಿ ಸಾಲಿಗೂ ಆ ವಾರದ ದರದ ಸ್ಕ್ರೀನ್‌ಶಾಟ್ ಹಾಕಿದ್ವಿ. ಎಂಟ್ರಿ ನಮ್ಮ ದೇಶದ ಬ್ಯಾಡ್ಮಿಂಟನ್ ಸಂಘ ಬಿಎಐ ಮೂಲಕವೇ ಹೋಗೋದ್ರಿಂದ ಹುಡುಗಿಯ ಹೆಸರು ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ ಬಿಡಬ್ಲ್ಯುಎಫ್ ಜಾಲತಾಣದ ಟೂರ್ನಿ ಪುಟದ ಪಟ್ಟಿಯಲ್ಲಿ ಬರುತ್ತೆ. ಅದರ ಲಿಂಕ್ ಕೊಡಿ, ಹತ್ತು ಸರ್ಟಿಫಿಕೇಟಿಗಿಂತ ಗಟ್ಟಿ.

ನಾವು ಎಡವಿದ ಇನ್ನೊಂದು ಕಡೆ: ವೀಸಾ ತಡವಾಗಿ ಮೊದಲ ಟೂರ್ನಿ ತಪ್ಪಿತು. ಆಗಲೇ 1,05,000 ಬಂದಿತ್ತು. ಕೆಲವರು ವಾಪಸ್ ಕೊಡಿ ಅಂದ್ರು, ಕೆಲವರು ಮುಂದಿನ ಟೂರ್ನಿಗೆ ಇಟ್ಕೊಳ್ಳಿ ಅಂದ್ರು. ಏನ್ ಮಾಡೋದು ಅಂತ ಮೊದಲೇ ಬರೆದಿರಲಿಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡ್ಬೇಕಾಯ್ತು. ನೀವು ಈಗಲೇ ಬರೀರಿ: ‘ಪ್ರಯಾಣ ರದ್ದಾದರೆ ವೀಸಾ ಫೀಯಂತೆ ವಾಪಸ್ ಬಾರದ ಹಣ ಕಳೆದು ಉಳಿದದ್ದು ಕೊಟ್ಟವರಿಗೇ. ಹಣ ಮಿಕ್ಕರೆ ಮುಂದಿನ ಟೂರ್ನಿಗೆ, ಲೆಕ್ಕ ಇದೇ ಗುಂಪಿನಲ್ಲಿ.’

ಪೊನ್ನಂಪೇಟೆ: ನಮ್ಮ ಒಕ್ಕ, ಅಂದ್ರೆ ಕುಲದವರ ಹಾಕಿ ಟೀಮಿಗೆ ಟೀ ಶರ್ಟ್ ಮೇಲೆ ಕೊಟ್ಟವರ ಹೆಸರು ಹಾಕಿಸಿದ್ವಿ, ಎರಡೇ ದಿನದಲ್ಲಿ ದುಡ್ಡು ಆಯ್ತು. ನೀವೂ ಅದೇ ಮಾಡಿ.

ವಿರಾಜಪೇಟೆ, ಆಟಗಾರನ ತಾಯಿ: ಅಣ್ಣಾ, ಅಲ್ಲಿ ಕೊಟ್ಟವರು ಕಣ್ಣೆದುರೇ ಪಂದ್ಯ ನೋಡ್ತಾರೆ. ಇಲ್ಲಿ ಹುಡುಗಿ ಯುರೋಪಿನಲ್ಲಿ ಇರ್ತಾಳೆ.

ಕುಶಾಲನಗರ: ಅಕ್ಕ, ಟ್ಯಾಕ್ಸ್ ತಲೆನೋವು ಇಲ್ಲ. ದಾನ ಅಂದ್ಮೇಲೆ ತೆರಿಗೆ ಇಲ್ಲ, ಕೊಟ್ಟವರಿಗೆ 80G ತೆರಿಗೆ ರಿಯಾಯಿತಿ ಕೂಡ ಸಿಗುತ್ತೆ.

ಮಡಿಕೇರಿ, ನಿವೃತ್ತ ಬ್ಯಾಂಕ್ ನೌಕರ: ಎರಡೂ ಸರಿಯಲ್ಲ ಮಗಾ. ವ್ಯಕ್ತಿಯ ಖಾತೆಗೆ ಕೊಟ್ಟರೆ 80G ಇಲ್ಲ, ಆ ಮಾನ್ಯತೆ ಇರುವ ಟ್ರಸ್ಟ್‌ಗೆ ಕೊಟ್ಟರಷ್ಟೇ. ಅಪೀಲಿನಲ್ಲಿ ‘80G ಇದೆ’ ಅಂತ ಬರೆದು ಆಮೇಲೆ ರಸೀದಿ ಕೊಡಲಾಗದಿದ್ದರೆ ನಂಬಿಕೆ ಅಲ್ಲಿಗೇ ಮುಗೀತು. ಇನ್ನು ಪಡೆದವರ ಕಡೆ: ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ದಾಟಿದರೆ ಪೂರ್ತಿ ಹಣ ಆದಾಯ ಅಂತ ಲೆಕ್ಕ, ದಾಟಿದ ಭಾಗ ಮಾತ್ರ ಅಲ್ಲ. ನಮ್ಮಲ್ಲಿ ಒಕ್ಕದವರೆಲ್ಲ ನೆಂಟರೇ, ಆದರೆ ಕಾನೂನಿನ ಪಟ್ಟಿ ಚಿಕ್ಕದು. ಅಜ್ಜ, ಚಿಕ್ಕಪ್ಪ, ಅತ್ತೆ, ಮಾವ ಬರ್ತಾರೆ, ಚಿಕ್ಕಪ್ಪನ ಮಗ ಬರಲ್ಲ. ಹುಡುಗಿಗೆ 18 ಆಗಿಲ್ಲ, ಅವಳ ಆದಾಯ ಸಾಮಾನ್ಯವಾಗಿ ತಂದೆ ಅಥವಾ ತಾಯಿಯದಕ್ಕೆ ಸೇರುತ್ತೆ. ಪ್ರತಿಭೆಯಿಂದ ಬಂದ ಗಳಿಕೆಗೆ ವಿನಾಯಿತಿ ಉಂಟು, ಆದರೆ ಜನ ಕೊಟ್ಟ ಹಣ ‘ಗಳಿಕೆ’ಯೋ ಅಲ್ಲವೋ ಅಂತ ಆಡಿಟರ್ ಹತ್ತಿರ ಕೇಳಿ. ಅದಕ್ಕೇ ಯಾರು ಎಷ್ಟು ಕೊಟ್ಟರು, ಯಾವ ಸಂಬಂಧ ಅಂತ ಮೊದಲ ದಿನದಿಂದ ಬರೆದಿಡಿ. ಈ ಹಣಕ್ಕೇ ಪ್ರತ್ಯೇಕ ಖಾತೆ ಇರಲಿ, ಅಪ್ಪನ ಸಂಬಳದ ಖಾತೆಗೆ ಬೇಡ.

ಗೋಣಿಕೊಪ್ಪದಿಂದ: ಅಯ್ಯೋ, ಈಗಿರೋದು ಅಣ್ಣನ ಸಂಬಳದ ಖಾತೆಯ ಯುಪಿಐ. ಕೊಟ್ಟವರ ಹೆಸರು, ಮೊತ್ತ ಗುಂಪಿಗೆ ಹಾಕೋದಾ?

ವಿರಾಜಪೇಟೆ, ಆಟಗಾರನ ತಾಯಿ: ನಾನು ಹಾಕಿದ್ದೆ. 200 ಕೊಟ್ಟ ಒಬ್ಬ ಟೀಚರ್‌ಗೆ 10,000ದ ಪಕ್ಕ ತಮ್ಮ ಹೆಸರು ನೋಡಿ ಸಂಕೋಚ ಆಯ್ತು. ಮುಂದೆ ಹೆಸರು ಬಿಟ್ಟು ಮೊತ್ತ, ತಾರೀಕು ಮಾತ್ರ ಹಾಕಿದೆ.

ಮಡಿಕೇರಿ, ನಿವೃತ್ತ ಬ್ಯಾಂಕ್ ನೌಕರ: ನನಗೆ ಇದು ಒಪ್ಪಿಗೆಯಿಲ್ಲ. ಹೆಸರಿಲ್ಲದ ಪಟ್ಟಿಯನ್ನು ಯಾರು ಬೇಕಾದರೂ ಟೈಪ್ ಮಾಡಬಹುದು.

ವಿರಾಜಪೇಟೆ, ಆಟಗಾರನ ತಾಯಿ: ಅದಕ್ಕೇ ಯುಪಿಐ ವಹಿವಾಟಿನ ಕೊನೇ ನಾಲ್ಕು ಅಂಕಿ ಹಾಕ್ತಿದ್ದೆ ಸರ್, ತಮ್ಮದನ್ನು ತಾವೇ ಹುಡುಕ್ಕೋತಾರೆ. ಇನ್ನೊಂದು, ಬೋರ್ಡಿಂಗ್ ಪಾಸ್ ಫೋಟೋ ಹಾಕುವಾಗ ಬಾರ್‌ಕೋಡ್ ಮತ್ತು ಪಿಎನ್‌ಆರ್ ಮುಚ್ಚಿ, ಪಾಸ್‌ಪೋರ್ಟ್ ಅಂತೂ ಬೇಡವೇ ಬೇಡ. ಮತ್ತೆ ಈ ಮಳೆಗಾಲದಲ್ಲಿ ತೋಟದವರ ಕೈ ಬರಿದು. ಈಗ ವಿಮಾನದ ಟಿಕೆಟ್‌ಗೆ ಬೇಕಾದಷ್ಟು ಮಾತ್ರ ಕೇಳಿ. ಕಾಫಿ ಮಾರಾಟ ಆದ್ಮೇಲೆ ಮುಂದಿನದ್ದು ಕೇಳೋಕೆ ಮುಖ ಇರುತ್ತೆ.

ಗೋಣಿಕೊಪ್ಪದಿಂದ: ಸರಿ. ನಾಳೆ ಬ್ಯಾಂಕಿಗೆ ಹೋಗಿ ಹೊಸ ಖಾತೆ ತೆರೀತೀವಿ. ಬಂದ 9,000ವನ್ನು ಮೊದಲ ಸಾಲಿನಲ್ಲೇ ತೋರಿಸ್ತೀನಿ.