ಪದಚರ್ಚೆ: ಸ್ಕ್ರೀನ್‌ಶಾಟ್ ‘ಬರುತ್ತಿದ್ದಂತೆಯೇ’ ಎನ್ನಬೇಕೆ, ‘ಬಂದ ಕೂಡಲೇ’ ಎನ್ನಬೇಕೆ?

ಪ್ರಶ್ನೆ: ಕೈಪಿಡಿ ಬರೆಯುತ್ತಿರುವವರಿಂದ

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ತಂತ್ರಾಂಶಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಅದು ಒಂದು ಫೋಲ್ಡರಿನ ಮೇಲೆ ಸದಾ ಕಣ್ಣಿಟ್ಟಿರುತ್ತದೆ. ಅಲ್ಲಿಗೆ ಹೊಸ ಸ್ಕ್ರೀನ್‌ಶಾಟ್ ಬಂದರೆ ಅದರಲ್ಲಿರುವ ಅಕ್ಷರಗಳನ್ನು ಟೆಸರಾಕ್ಟ್ ಮೂಲಕ ಓದಿಸಿ, ಪಠ್ಯವನ್ನು ಬೇರೊಂದು ಫೋಲ್ಡರಿನಲ್ಲಿ ಇಡುತ್ತದೆ. ಬಳಸುವವರು ಏನನ್ನೂ ಒತ್ತಬೇಕಾಗಿಲ್ಲ.

ನಾನು ಬರೆದ ವಾಕ್ಯ ಇದು: ‘ಹೊಸ ಸ್ಕ್ರೀನ್‌ಶಾಟ್ ಬರುತ್ತಿದ್ದಂತೆಯೇ ಕಾವಲುಗಾರ ಅದನ್ನು ಸಂಸ್ಕರಿಸುತ್ತದೆ.’ ಕರಡು ತಿದ್ದಿದವರು ‘ಬರುತ್ತಿದ್ದಂತೆಯೇ’ ಎಂಬುದನ್ನು ಹೊಡೆದು ‘ಬಂದ ಕೂಡಲೇ’ ಎಂದು ಬರೆದಿದ್ದಾರೆ. ಎರಡಕ್ಕೂ ನಿಜವಾಗಿ ವ್ಯತ್ಯಾಸವಿದೆಯೇ? ಇನ್ನೊಂದು ವಿಷಯ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ `CREATE`, `CLOSE_WRITE`, `MOVED_TO` ಎಂಬ ಮೂರು ಬಗೆಯ ಸೂಚನೆಗಳು ಬೇಕಾಗುತ್ತವೆ. ಇವನ್ನು ‘ಸೃಷ್ಟಿ’, ‘ಮುಕ್ತಾಯ’, ‘ಸ್ಥಳಾಂತರ’ ಎಂದು ಬರೆದಿದ್ದೇನೆ. ಇವುಗಳಿಗಿಂತ ಸರಿಯಾದ ಪದಗಳಿದ್ದರೆ ತಿಳಿಸಿ.

ನಿವೃತ್ತ ಕನ್ನಡ ಅಧ್ಯಾಪಕರಿಂದ

ಬಳಕೆಯಲ್ಲಿ ಎರಡೂ ಒಂದೇ. ‘ಅತಿಥಿಗಳು ವೇದಿಕೆಗೆ ಬರುತ್ತಿದ್ದಂತೆಯೇ ಸಭಿಕರು ಎದ್ದು ನಿಂತರು’ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ, ‘ಬಂದ ಕೂಡಲೇ’ ಎಂದರೂ ಓದುಗರಿಗೆ ಅದೇ ಅರ್ಥ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಮಾತ್ರ ಒಂದು ಎಳೆಯ ಅಂತರವಿದೆ. ‘ಬರುತ್ತ’ ಎಂಬಲ್ಲಿ ಕ್ರಿಯೆ ಇನ್ನೂ ನಡೆಯುತ್ತಿದೆ. ‘ಬಂದ’ ಎಂಬ ಭೂತಕೃದಂತದಲ್ಲಿ ಅದು ಮುಗಿದಿದೆ. ಯಂತ್ರದ ವೇಗದಲ್ಲಿ ಈ ಅಂತರ ಯಾರ ಲೆಕ್ಕಕ್ಕೂ ಬರಲಾರದು. ಕಿವಿಗೆ ಹಿತವಾದದ್ದನ್ನು ಇಟ್ಟುಕೊಳ್ಳಿ.

‘ಕಾವಲುಗಾರ’ ಮಾತ್ರ ಒಳ್ಳೆಯ ಆಯ್ಕೆ. ನಮ್ಮ ‘ಕಾಯು’ ಧಾತುವಿಗೆ ನಿರೀಕ್ಷಿಸು, ನೋಡಿಕೊಳ್ಳು ಎಂಬ ಎರಡು ಅರ್ಥಗಳೂ ಇವೆ. ಈ ತಂತ್ರಾಂಶ ಎರಡನ್ನೂ ಮಾಡುತ್ತಿದೆಯಲ್ಲವೇ?

ಸರ್ವರ್ ನೋಡಿಕೊಳ್ಳುವವರಿಂದ

ಗುರುಗಳೇ, ಯಂತ್ರಕ್ಕೆ ಆ ಎಳೆಯ ಅಂತರವೇ ಎಲ್ಲಕ್ಕಿಂತ ಮುಖ್ಯ. ತಿದ್ದಿದವರು ಸರಿಯಾಗಿಯೇ ತಿದ್ದಿದ್ದಾರೆ. ನೋಡಲು ಬಯಸುವವರು ಒಂದು ಟರ್ಮಿನಲ್ಲಿನಲ್ಲಿ ಇದನ್ನು ಓಡಿಸಿ:

```
inotifywait -m -e create -e close_write -e moved_to ~/Pictures/Screenshots
```

ಆಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಚಿತ್ರವನ್ನು ನೇರವಾಗಿ ಅಲ್ಲಿಗೇ ಬರೆಯುವ ತಂತ್ರಾಂಶವಾದರೆ ಹೀಗೆ ಕಾಣುತ್ತದೆ:

```
/home/u/Pictures/Screenshots/ CREATE a.png
/home/u/Pictures/Screenshots/ CLOSE_WRITE,CLOSE a.png
```

ಮೊದಲ ಸಾಲು ಬಂದಾಗ ಫೋಲ್ಡರಿನಲ್ಲಿ ಹುಟ್ಟಿರುವುದು ಹೆಸರು ಮಾತ್ರ. ಆ ಕ್ಷಣದಲ್ಲಿ ಕಡತದ ಗಾತ್ರ ಸೊನ್ನೆಯೂ ಇರಬಹುದು. ಚಿತ್ರದ ಬೈಟುಗಳು ಆಮೇಲೆ ಬಂದು ಸೇರುತ್ತವೆ, ಬರೆಯುವವನು ಕಡತವನ್ನು ಮುಚ್ಚಿದಾಗ ಎರಡನೆಯ ಸಾಲು ಬರುತ್ತದೆ. ಮೊದಲ ಸಾಲಿಗೇ ಓಡಿಹೋಗುವ ತಂತ್ರಾಂಶ ‘ಬರುತ್ತಿದ್ದಂತೆಯೇ’ ಕೈ ಹಾಕಿದಂತೆ. ಎರಡನೆಯದಕ್ಕೆ ನಿಂತದ್ದು ‘ಬಂದ ಕೂಡಲೇ’ ಕೈ ಹಾಕಿದಂತೆ. ಕನ್ನಡದ ಕೃದಂತ ಇಲ್ಲಿ ಇಷ್ಟು ನಿಖರವಾಗಿ ಹೊಂದಿಕೊಂಡಿರುವಾಗ ಅದನ್ನು ಕೈಬಿಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಅರ್ಧ ಬಂದ ಕಡತಕ್ಕೆ ಕೈ ಹಾಕಿದರೆ ಆಗುವ ಹಾನಿ ಚಿತ್ರದ ಬಗೆಯನ್ನು ಅವಲಂಬಿಸಿದೆ. ತುಂಡಾದ ಪಿಎನ್‌ಜಿಯನ್ನು ಓದುವ ತಂತ್ರಾಂಶಗಳು ಸಾಮಾನ್ಯವಾಗಿ ದೋಷ ತೋರಿಸಿ ನಿಲ್ಲುತ್ತವೆ, ಅದು ಒಳ್ಳೆಯದೇ. ತುಂಡಾದ ಜೆಪೆಗ್ ಹೆಚ್ಚು ಅಪಾಯಕಾರಿ. ಹಲವು ತಂತ್ರಾಂಶಗಳು ಒಂದು ಎಚ್ಚರಿಕೆಯನ್ನಷ್ಟೇ ಬರೆದು, ಉಳಿದ ಭಾಗವನ್ನು ಬೂದು ಬಣ್ಣದಿಂದ ತುಂಬಿ ಮುಂದೆ ಹೋಗುತ್ತವೆ. ಆಗ ಮೇಲರ್ಧದ ಪಠ್ಯ ಸಿಗುತ್ತದೆ, ಕೆಳಗಿನದು ಮಾಯವಾಗಿರುತ್ತದೆ. ಎಲ್ಲವೂ ಸರಿಯಾಗಿದೆ ಎಂದೇ ಬಳಸುವವರು ನಂಬಿರುತ್ತಾರೆ.

ಪಿಎನ್‌ಜಿ ಪೂರ್ತಿ ಬಂದಿದೆಯೇ ಎಂದು ನೋಡಲು ಕೊನೆಯ 12 ಬೈಟುಗಳು ಸಾಕು:

```
tail -c 12 a.png | xxd
```

ಬಲಗಡೆ `IEND` ಎಂದು ಕಂಡರೆ ಬಾಲ ಬಂದಿದೆ, ಇಲ್ಲದಿದ್ದರೆ ಚಿತ್ರ ತುಂಡಾಗಿದೆ.

ಮೊಬೈಲ್ ತಂತ್ರಾಂಶ ಬರೆಯುವವರಿಂದ

ಇಷ್ಟೆಲ್ಲ ಏಕೆ? `CREATE` ಸೂಚನೆ ಬಂದ ಮೇಲೆ ಎರಡು ಸೆಕೆಂಡು ತಡೆದು ಕಡತವನ್ನು ತೆರೆದರೆ ಮುಗಿಯಿತು. ನಾನು ಹಾಗೆಯೇ ಮಾಡಿದ್ದೇನೆ, ತೊಂದರೆಯಾಗಿಲ್ಲ. ಕೈಪಿಡಿಯಲ್ಲಿ ‘ಬಂದ ಸ್ವಲ್ಪ ಹೊತ್ತಿನಲ್ಲಿ’ ಎಂದು ಬರೆಯಿರಿ. ಅಲ್ಲದೆ ‘ಮುಗಿಯಿತು’ ಎಂಬ ಸೂಚನೆ ವಿಂಡೋಸ್‌ನಲ್ಲಿ ಸಿಗುವುದೇ ಇಲ್ಲ, ಅಲ್ಲಿನವರಿಗೆ ನಿಮ್ಮ ಪದ ಯಾವ ಉಪಯೋಗಕ್ಕೆ?

ಸರ್ವರ್ ನೋಡಿಕೊಳ್ಳುವವರಿಂದ

ವಿಂಡೋಸ್ ಬಗ್ಗೆ ನೀವು ಹೇಳಿದ್ದು ನಿಜ. `FileSystemWatcher` ತನ್ನ `Created` ಸೂಚನೆಯನ್ನು ಕಡತ ಹುಟ್ಟಿದ ಕ್ಷಣವೇ ಕೊಡುತ್ತದೆ. ಮುಚ್ಚಿದ್ದನ್ನು ಬೇರೆಯಾಗಿ ಹೇಳುವುದಿಲ್ಲ. ಅಲ್ಲಿ ಬೇರೆ ಯಾರಿಗೂ ಪಾಲು ಕೊಡದಂತೆ ಕಡತವನ್ನು ತೆರೆಯಲು ಯತ್ನಿಸಬೇಕು. ಬರೆಯುವವನು ಇನ್ನೂ ಹಿಡಿದುಕೊಂಡಿದ್ದರೆ ತೆರೆಯಲು ಬಿಡುವುದಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಯತ್ನಿಸಬೇಕು.

ಎರಡು ಸೆಕೆಂಡಿನ ಮಾತನ್ನು ಮಾತ್ರ ಒಪ್ಪಲಾರೆ. ಅದೇ ಕಂಪ್ಯೂಟರಿನಲ್ಲಿ ತೆಗೆದ ಸ್ಕ್ರೀನ್‌ಶಾಟಿಗೆ ಅಷ್ಟು ಸಾಕು, ಹೆಚ್ಚೂ ಹೌದು. ಆದರೆ ಫೋನಿನಿಂದ ನಿಧಾನ ಸಂಪರ್ಕದಲ್ಲಿ ಇಳಿಯುತ್ತಿರುವ ಚಿತ್ರಕ್ಕೆ ಹತ್ತು ಸೆಕೆಂಡೂ ಸಾಲದೆ ಹೋಗಬಹುದು. ಗಾತ್ರವನ್ನು ಎರಡು ಬಾರಿ ಅಳೆದು ಒಂದೇ ಇದ್ದರೆ ಬಂದಿದೆ ಎನ್ನುವವರೂ ಇದ್ದಾರೆ. ಸಂಪರ್ಕ ನಡುವೆ ನಿಂತಾಗಲೂ ಗಾತ್ರ ಒಂದೇ ಇರುತ್ತದೆ.

ಅನುಮಾನಕ್ಕೆ ಎಡೆಯಿಲ್ಲದ ದಾರಿ ಬರೆಯುವವನ ಕಡೆಯಲ್ಲಿದೆ. ಚಿತ್ರವನ್ನು ಬೇರೆ ಫೋಲ್ಡರಿನಲ್ಲಿ ಪೂರ್ತಿ ಬರೆದು, ಆಮೇಲೆ ಇಲ್ಲಿಗೆ `mv` ಮಾಡಬೇಕು. ಎರಡೂ ಫೋಲ್ಡರ್‌ಗಳು ಒಂದೇ ಫೈಲ್ ಸಿಸ್ಟಮ್ಮಿನಲ್ಲಿದ್ದರೆ ಹೆಸರು ಒಂದೇ ಏಟಿಗೆ ಬದಲಾಗುತ್ತದೆ, ಅರ್ಧ ಸ್ಥಿತಿ ಯಾರಿಗೂ ಕಾಣುವುದಿಲ್ಲ. ಆಗ ಬರುವ ಸೂಚನೆಯೇ `MOVED_TO`. ಬೇರೆ ಬೇರೆ ಡಿಸ್ಕುಗಳ ನಡುವೆ ಮಾಡಿದರೆ `mv` ಒಳಗೊಳಗೇ ನಕಲು ಮಾಡಿ ಮೂಲವನ್ನು ಅಳಿಸುತ್ತದೆ, ಮತ್ತೆ `CREATE`ಗೇ ಬಂದು ನಿಲ್ಲುತ್ತೇವೆ.

ಪ್ರಶ್ನೆ ಕೇಳಿದ ಮೇಡಂ ಅವರಿಗೆ: ‘ಮುಕ್ತಾಯ’ ಎಂಬ ಪದವನ್ನು ಬಿಟ್ಟುಬಿಡಿ. `CLOSE_WRITE` ಹೇಳುವುದು ಇಷ್ಟೇ: ಬರೆಯಲೆಂದು ತೆರೆದಿದ್ದ ಕಡತವನ್ನು ಯಾರೋ ಮುಚ್ಚಿದರು. ಕೆಲವು ತಂತ್ರಾಂಶಗಳು ಒಂದೇ ಕಡತವನ್ನು ಎರಡು ಮೂರು ಬಾರಿ ತೆರೆದು ಮುಚ್ಚುತ್ತವೆ. ಬರಿದೇ `touch` ಮಾಡಿದರೂ ಆ ಸೂಚನೆ ಬರುತ್ತದೆ. ‘ಮುಚ್ಚಿತು’ ಎನ್ನಿ, ‘ಮುಗಿಯಿತು’ ಎನ್ನಬೇಡಿ.

ಸದಸ್ಯರೊಬ್ಬರಿಂದ

ಕಾವಲುಗಾರನ ವಿಷಯ ಓದಿ ಸಂತೋಷವಾಯಿತು. ನನ್ನ ಫೋಲ್ಡರಿನಿಂದ ಚಿತ್ರಗಳು ಆಗಾಗ ಅಳಿಸಿಹೋಗುತ್ತವೆ, ಮನೆಯಲ್ಲಿ ಎಲ್ಲರೂ ಒಂದೇ ಕಂಪ್ಯೂಟರ್ ಬಳಸುತ್ತೇವೆ. ಈ ಕಾವಲುಗಾರನನ್ನು ಹಾಕಿಕೊಂಡರೆ ಬೇರೆಯವರು ಅಳಿಸದಂತೆ ತಡೆಯುತ್ತದೆಯೇ? ಅಳಿಸಿದ್ದನ್ನು ಮರಳಿ ತರುತ್ತದೆಯೇ?

ಪ್ರಶ್ನೆ ಕೇಳಿದವರಿಂದ

ಇಲ್ಲ, ಇದು ಯಾವುದನ್ನೂ ತಡೆಯುವುದಿಲ್ಲ. ಅಳಿಸಿದ ಸುದ್ದಿಯನ್ನು ತಿಳಿಯಬಲ್ಲದು, ಅಷ್ಟೇ. ಸುದ್ದಿ ತಿಳಿಯುವ ಹೊತ್ತಿಗೆ ಕಡತ ಹೋಗಿರುತ್ತದೆ. ನಿಮಗೆ ಬೇಕಾದದ್ದು ಆ ಫೋಲ್ಡರಿನ ಅನುಮತಿಗಳ ಬದಲಾವಣೆ ಮತ್ತು ಬ್ಯಾಕಪ್.

ನಿಮ್ಮ ಪ್ರಶ್ನೆಯಿಂದ ನನಗೆ ಒಂದು ಸಹಾಯವಾಯಿತು. ‘ಕಾವಲು’ ಎಂದೊಡನೆ ರಕ್ಷಣೆ ನೆನಪಾಗುವುದಾದರೆ ಕೈಪಿಡಿ ಓದುವ ಇತರರಿಗೂ ಹಾಗೆಯೇ ಆಗುತ್ತದೆ. ‘ನಿಗಾ’ ಎಂದರೆ ಹೇಗೆ? ನಿಗಾ ಇಟ್ಟವನು ನೋಡುತ್ತಾನೆ, ತಡೆಯಬೇಕಾಗಿಲ್ಲ. ‘ಈ ಫೋಲ್ಡರಿನ ಮೇಲೆ ನಿಗಾ ಇಡಲಾಗಿದೆ’ ಎಂದು ಬರೆಯಬಹುದು.

ಅಧ್ಯಾಪಕರಿಂದ

ನಿಗಾ ಸರಿಯಾದ ಪದವೇ, ಆದರೆ ಕ್ರಿಯಾಪದವಾಗಿ ಬಳಸಲು ‘ಇಡು’ ಸೇರಿಸಬೇಕು, ಕರ್ತೃವಿಗೆ ಪದವಿಲ್ಲ. ‘ನಿಗಾಗಾರ’ ಎಂದರೆ ಕಿವಿ ಒಪ್ಪುವುದಿಲ್ಲ. ಕಾವಲುಗಾರನನ್ನು ನಾನು ಬಿಡಲಾರೆ.

ದಾಖಲೆ ಸಂಗ್ರಹದ ಕೆಲಸ ಮಾಡುವವರಿಂದ

ನನ್ನದು ಬೇರೆಯೇ ತೊಂದರೆ, ಪದದ ಚರ್ಚೆಯ ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮಲ್ಲಿ ಚಿತ್ರಗಳು ಮತ್ತೊಂದು ಕಂಪ್ಯೂಟರಿನಲ್ಲಿರುವ ಹಂಚಿಕೆಯ ಫೋಲ್ಡರಿಗೆ ಬಂದು ಬೀಳುತ್ತವೆ. ಅದನ್ನು ಜಾಲದ ಮೂಲಕ ನನ್ನ ಲಿನಕ್ಸ್ ಯಂತ್ರಕ್ಕೆ ಜೋಡಿಸಿಕೊಂಡಿದ್ದೇನೆ. `inotifywait` ಓಡುತ್ತಲೇ ಇದೆ, ಒಂದು ಸಾಲೂ ಬರುವುದಿಲ್ಲ. `ls` ಮಾಡಿದರೆ ಚಿತ್ರ ಅಲ್ಲಿಯೇ ಇದೆ! ನಾನೇ ಇಲ್ಲಿಂದ ಒಂದು ಕಡತ ಹಾಕಿದರೆ ಮಾತ್ರ ಸೂಚನೆ ಬರುತ್ತದೆ. ಬಂದದ್ದನ್ನು ‘ಬಂದಿಲ್ಲ’ ಎನ್ನುವ ಇದಕ್ಕೆ ಏನೆನ್ನಬೇಕು?

ಸರ್ವರ್ ನೋಡಿಕೊಳ್ಳುವವರಿಂದ

ನಿಮ್ಮ ಅನುಭವದಲ್ಲೇ ಉತ್ತರವಿದೆ. ಈ ಸೂಚನೆಗಳನ್ನು ಕೊಡುವುದು ನಿಮ್ಮ ಯಂತ್ರದ ಕರ್ನೆಲ್; ತನ್ನ ಕೈ ಹಾದು ಹೋದದ್ದನ್ನು ಮಾತ್ರ ಅದು ಬಲ್ಲದು. ಬೇರೆ ಯಂತ್ರ ಬರೆದದ್ದು ಅದರ ಕೈ ಹಾದಿಲ್ಲ. ಅಲ್ಲಿ ಕಾಯುತ್ತ ಕೂತರೆ ಪ್ರಯೋಜನವಿಲ್ಲ. ಇಷ್ಟಿಷ್ಟು ಹೊತ್ತಿಗೊಮ್ಮೆ ಹೋಗಿ ಪಟ್ಟಿಯನ್ನು ನೋಡಿ, ಹಿಂದಿನ ಪಟ್ಟಿಯೊಡನೆ ಹೋಲಿಸಬೇಕು. ಅದಕ್ಕಿಂತ ಒಳ್ಳೆಯದೆಂದರೆ, ಚಿತ್ರ ಬೀಳುವ ಯಂತ್ರದಲ್ಲೇ ಈ ತಂತ್ರಾಂಶವನ್ನು ಓಡಿಸುವುದು.

ಅಧ್ಯಾಪಕರಿಂದ

ಹಾಗಾದರೆ ಎರಡು ಪದಗಳು ಬೇಕು, ಎರಡೂ ನಮ್ಮಲ್ಲಿವೆ. ಒಂದೆಡೆ ನಿಂತು ಸುದ್ದಿಗೆ ಕಾಯುವುದು ಕಾವಲು. ಗೊತ್ತಾದ ಹೊತ್ತಿಗೆ ಸುತ್ತು ಹಾಕಿ ನೋಡಿ ಬರುವುದು ಗಸ್ತು. ಕೈಪಿಡಿಯಲ್ಲಿ ‘ಜಾಲದ ಫೋಲ್ಡರುಗಳಿಗೆ ಗಸ್ತು ವಿಧಾನವನ್ನು ಆರಿಸಿ’ ಎಂದು ಬರೆದರೆ ಯಾರಿಗೆ ಅರ್ಥವಾಗುವುದಿಲ್ಲ?

ಪ್ರಶ್ನೆ ಕೇಳಿದವರಿಂದ

ಗಸ್ತು ತುಂಬ ಚೆನ್ನಾಗಿದೆ ಗುರುಗಳೇ, ಖಂಡಿತ ಬಳಸುತ್ತೇನೆ. ಕಾವಲು, ನಿಗಾ ಎರಡನ್ನೂ ಸದ್ಯಕ್ಕೆ ಕರಡಿನಲ್ಲಿ ಉಳಿಸಿ, ಓದಿದವರು ಯಾವುದನ್ನು ಹೇಗೆ ಗ್ರಹಿಸುತ್ತಾರೆಂದು ನೋಡುತ್ತೇನೆ. ವಾಕ್ಯ ಈಗ ಹೀಗಿದೆ: ‘ಹೊಸ ಸ್ಕ್ರೀನ್‌ಶಾಟ್ ಪೂರ್ತಿ ಬಂದ ಕೂಡಲೇ ಅದನ್ನು ಓದಲಾಗುತ್ತದೆ.’ ಮೂರು ಸೂಚನೆಗಳಲ್ಲಿ ಎರಡಕ್ಕೆ ‘ಹೆಸರು ಹುಟ್ಟಿತು’, ‘ಬರೆಯುವವರು ಮುಚ್ಚಿದರು’ ಎಂದು ಬರೆದಿದ್ದೇನೆ.

`MOVED_TO` ಮಾತ್ರ ಬಗೆಹರಿದಿಲ್ಲ. ‘ಸ್ಥಳಾಂತರ’ ಎಂದರೆ ಒಳಗೋ ಹೊರಗೋ ತಿಳಿಯುವುದಿಲ್ಲ. ‘ಒಳಬಂದಿತು’ ಎಂದು ಬರೆದೆ, ಆದರೆ ಮ್ಯಾಕ್‌ನಲ್ಲಿ ಸ್ಕ್ರೀನ್‌ಶಾಟ್ ಮೊದಲು ಚುಕ್ಕಿಯಿಂದ ಆರಂಭವಾಗುವ ಅಡಗಿದ ಹೆಸರಿನಲ್ಲಿ ಅದೇ ಫೋಲ್ಡರಿನಲ್ಲಿ ಬರೆಯಲ್ಪಟ್ಟು, ಆಮೇಲೆ ನಿಜ ಹೆಸರು ಪಡೆಯುತ್ತದೆ. ಲಿನಕ್ಸ್‌ನಲ್ಲಿಯೂ ಹೀಗೆ ಮಾಡುವ ತಂತ್ರಾಂಶಗಳಿವೆ. ಅವು ಕೊಡುವುದೂ `MOVED_TO` ಸೂಚನೆಯನ್ನೇ. ಅದು ಹೊರಗಿನಿಂದ ಬಂದದ್ದಲ್ಲ, ಒಳಗೇ ಇದ್ದು ಹೆಸರು ಬದಲಿಸಿದ್ದು. ಎರಡಕ್ಕೂ ಹೊಂದುವ ಒಂದು ಕ್ರಿಯಾಪದ ಯಾರಿಗಾದರೂ ಹೊಳೆದರೆ ಬರೆಯಿರಿ.

ಸರ್ವರ್ ನೋಡಿಕೊಳ್ಳುವವರಿಂದ

ಆ ಪದ ನನಗೂ ಹೊಳೆದಿಲ್ಲ. ಆದರೆ ನಿಮ್ಮ ವಾಕ್ಯದ ‘ಹೊಸ’ ಎಂಬುದನ್ನೂ ಒಮ್ಮೆ ನೋಡಿ. ತಂತ್ರಾಂಶ ಎದ್ದು ನಿಲ್ಲುವ ಮೊದಲೇ ಫೋಲ್ಡರಿನಲ್ಲಿದ್ದ ಚಿತ್ರಗಳ ಬಗ್ಗೆ ಯಾವ ಸೂಚನೆಯೂ ಬರುವುದಿಲ್ಲ. ರಾತ್ರಿ ಯಂತ್ರ ಮರುಚಾಲನೆಯಾದರೆ ಆ ನಡುವೆ ಬಂದವು ಹಾಗೆಯೇ ಉಳಿದುಬಿಡುತ್ತವೆ. ಮೊದಲು ಕಾವಲು ಹಾಕಿ, ಆಮೇಲೆ ಇರುವ ಪಟ್ಟಿಯನ್ನೊಮ್ಮೆ ಓದಬೇಕು. ತಿರುವುಮುರುವಾದರೆ ಎರಡರ ನಡುವಿನ ಬಿರುಕಿನಲ್ಲಿ ಬಂದದ್ದು ತಪ್ಪಿಹೋಗುತ್ತದೆ. ಈ ಕ್ರಮದಲ್ಲಿ ಒಂದೇ ಚಿತ್ರ ಎರಡು ಬಾರಿ ಸಿಗಬಹುದು. ಪಠ್ಯ ಈಗಾಗಲೇ ಇದ್ದರೆ ಬಿಟ್ಟುಬಿಡಿ ಎಂದರೆ ಸಾಕು. ನಿಮ್ಮ ತಂತ್ರಾಂಶ ಇದನ್ನು ಮಾಡುತ್ತದೆಯೇ ಎಂದು ಬರೆದವರನ್ನು ಕೇಳಿ. ಮಾಡುವುದಾದರೆ ‘ಹೊಸ’ ಬದಲು ‘ಇನ್ನೂ ಓದದ’ ಎಂದು ಬರೆಯಬೇಕಾಗುತ್ತದೆ.