ನಳ ನಾಲ್ಕು ದಿನಕ್ಕೊಮ್ಮೆ, ಮನೆಯಲ್ಲಿ ಆರು ಜನ: ಸಂಪ್ ಎಷ್ಟು ಲೀಟರಿನದು ಬೇಕು?

ಹೊಟಗಿ ರೋಡ್:
ನಮಸ್ಕಾರ್ರಿ. ಸೊಲ್ಲಾಪುರದ ಹೊರಗಿನ ಬಡಾವಣ್ಯಾಗ ಮನಿ ಕಟ್ಟಲಿಕ್ಕತ್ತೀವಿ. ಸಣ್ಣ ಹುಡುಗ್ರು ಹಿಡಿದು ಆರು ಮಂದಿ. ನಳ ನಾಲ್ಕು ದಿನಕ್ಕೊಮ್ಮೆ ಬರ್ತದ, ಮೂರು ತಾಸು ಇರ್ತದ. ಹೊತ್ತು ಖಾತ್ರಿ ಇಲ್ಲ, ಒಮ್ಮೊಮ್ಮೆ ನಸುಕಿನ್ಯಾಗ ಮೂರಕ್ಕ ಬಂದು ಆರಕ್ಕ ಹೋಗಿಬಿಡ್ತದ. ಬೋರ್ ಇಲ್ಲ. ಗವಂಡಿ "ಹತ್ತು ಸಾವಿರ ಲೀಟರಿನ ಸಂಪ್ ಮಾಡಿಬಿಡ್ರಿ, ಚಿಂತಿ ಇಲ್ಲ" ಅಂತಾನ. ಈಗ ಅದೇ ಓಣಿಯ ಬಾಡಿಗಿ ಮನ್ಯಾಗ ಅದೀವಿ, ಮೇಲ 1000 ಲೀಟರಿನ ಟಾಕಿ ಅದ. ಹತ್ತು ಸಾವಿರ ಹೆಚ್ಚಾತೋ, ಬೇಕೇ ಬೇಕೋ? ಮೇಲಿನ ಟಾಕಿ ಎಷ್ಟು ಇರಬೇಕು?

ದುಧನಿ:
ಲೆಕ್ಕ ಸರಳ ಇದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಮಾಪನವೇ ಇದೆ. ಆರು ಜನಕ್ಕೆ 810. ನಾಲ್ಕು ದಿನಕ್ಕೊಮ್ಮೆ ಅಂದರೆ ನಡುವೆ ಖಾಲಿ ದಿನ ಮೂರೇ, ಅಲ್ಲಿಗೆ 2430. ಸಂಪ್ 2500, ಮೇಲೆ 2000ದ ಟಾಕಿ ಇಟ್ಟರೆ ಆರಾಮ. ಹತ್ತು ಸಾವಿರ ಸುಮ್ಮನೆ ದುಡ್ಡು ಹಾಳು.

ಭೀಮಾತೀರ:
ದುಧನಿಯವರೇ, 135 ನೀವು ಹೇಳಿದಂತೆ ನಿಜ, ಆದರೆ ಅದು ಊರಿನ ಯೋಜನೆ ಮಾಡುವವರ ಅಂಕಿ. ಅದರಲ್ಲಿ 45 ಲೀಟರ್ ಸಂಡಾಸಿನ ಫ್ಲಶ್‌ಗೆ ಅಂತಲೇ ಇಟ್ಟದ್ದು. ಬಕೆಟ್ಟಿನಿಂದ ನೀರು ಹಾಕುವ ಮನೆಗೆ ಅಷ್ಟು ಹೋಗುವುದಿಲ್ಲ, ಬ್ಯಾಸಗಿಯಲ್ಲಿ ಕೂಲರ್ ಓಡಿಸುವ ಮನೆಗೆ ಬೇರೆ ಕಡೆ ಹೆಚ್ಚು ಹೋಗುತ್ತದೆ. ಒಂದು ಮನೆಗೆ ಅಳತೆಯೇ ಬೇಕು.

ದಿನದ ಎಣಿಕೆಯೂ ತಪ್ಪಿದೆ. ಸೋಮವಾರ ನಸುಕಿಗೆ ನಳ ನಿಂತು ಶುಕ್ರವಾರ ನಸುಕಿಗೆ ಬಂದರೆ ಸೋಮ, ಮಂಗಳ, ಬುಧ, ಗುರು ಪೂರ್ತಿ ನಾಲ್ಕು ದಿನ ಸಂಪಿನ ನೀರೇ ಗತಿ. ಮೂರು ಅಂತ ಹಿಡಿದವರ ಮನೆಯಲ್ಲಿ ಗುರುವಾರ ಸಂಜೆಗೆ ಮೋಟರ್ ಗಾಳಿ ಎಳೆಯುತ್ತದೆ.

ಹೊಟಗಿ ರೋಡ್ ಅಣ್ಣಾರ, ಎರಡು ಅಳತೆ ಕೊಡಿ. ಒಂದು, ದಿನದ ಬಳಕೆ. ಬಾಡಿಗೆ ಮನೆಯ ಟಾಕಿಯ ಸುತ್ತಳತೆಯನ್ನು ದಾರ ಸುತ್ತಿ ಅಳೆಯಿರಿ. ಬೆಳಗ್ಗೆ ಟಾಕಿ ತುಂಬಿಸಿ, ಒಂದು ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಮರುದಿನ ಅದೇ ಹೊತ್ತಿನವರೆಗೆ ಮೋಟರ್ ಮುಟ್ಟಬೇಡಿ, ಆಮೇಲೆ ಎಷ್ಟು ಸೆಂಟಿಮೀಟರ್ ಇಳಿಯಿತು ನೋಡಿ. ಎರಡು, ಹೊಸ ಜಾಗದಲ್ಲಿ ನಳ ಬಂದಾಗ 15 ಲೀಟರಿನ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ? ಈ ಎರಡನೆಯದನ್ನು ಯಾರೂ ಅಳೆಯುವುದಿಲ್ಲ, ಆದರೆ ಸಂಪಿನ ಅಳತೆ ನಿಂತಿರುವುದು ಅದರ ಮೇಲೆಯೇ.

ಮೈಂದರ್ಗಿ:
ನಮ್ಮದೂ ಇದೇ ತೊಂದರಿ ನೋಡ್ರಿ. ಬೋರ್ ಅದ, ಅರ್ಧ ತಾಸು ಎಳದ್ರ ನೀರು ನಿಂತುಬಿಡ್ತದ. ನೀರು ಬಾಳ ಗಡಸು, ಟಾಕಿ ಒಳಗ ಬಿಳಿ ಪದರು ಕೂಡ್ತದ. ಸಂಪ್ ದೊಡ್ಡದು ಮಾಡಿದ್ರ ಗಡಸುತನ ಕಡಿಮಿ ಆಗ್ತದೇನ್ರಿ?

ಭೀಮಾತೀರ:
ಆಗುವುದಿಲ್ಲರಿ. ಗಡಸುತನ ನೀರಿನಲ್ಲಿ ಕರಗಿರುವ ಸುಣ್ಣದ್ದು, ಎಷ್ಟು ದಿನ ನಿಲ್ಲಿಸಿದರೂ ಪೂರ್ತಿ ಹೋಗದು. ನೀರು ನಿಲ್ಲುವ ತೊಂದರೆಗೆ ಮಾತ್ರ ಸಂಪ್ ಉಪಯೋಗ ಇದೆ. ಅರ್ಧ ತಾಸು ಎಳೆದು, ಬೋರ್ ಸುಧಾರಿಸಿಕೊಂಡ ಮೇಲೆ ಮತ್ತೆ ಎಳೆದು ಸಂಪಿಗೆ ಕೂಡಿಸಿಕೊಳ್ಳಬಹುದು. ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ.

ಹೊಟಗಿ ರೋಡ್:
ಅಳತಿ ತಗೊಂಡೆ. ಟಾಕಿ ಸುತ್ತಳತಿ 336 ಸೆಂ.ಮೀ. 24 ತಾಸಿನ್ಯಾಗ 62 ಸೆಂ.ಮೀ. ಇಳೀತು. ಅವತ್ತು ಅರಿವಿ ಒಗದಿಲ್ಲ, ಕೂಲರ್ ಹಚ್ಚಿಲ್ಲ. ಅರಿವಿ ಒಗ್ಯಾಣ ನಾಲ್ಕು ದಿನಕ್ಕೊಮ್ಮೆ. ಹೊಸ ಜಾಗದಾಗ ಅಂಗಳದ ನಳಕ್ಕ ಬಕೆಟ್ ಹಿಡದ್ರ 68 ಸೆಕೆಂಡ್ ಬೇಕಾತು.

ಭೀಮಾತೀರ:
336 ಅನ್ನು 3.14ರಿಂದ ಭಾಗಿಸಿದರೆ ವ್ಯಾಸ 107 ಸೆಂ.ಮೀ. ಆ ಅಗಲದ ಟಾಕಿಯಲ್ಲಿ ಪ್ರತಿ ಸೆಂಟಿಮೀಟರಿಗೆ 9 ಲೀಟರ್ ನೀರು. 62 ಇಳಿದಿದೆ ಅಂದರೆ ಸುಮಾರು 560 ಲೀಟರ್, ತಲೆಗೆ 93. ಬ್ಯಾಸಗಿಗೆ ಕೂಲರ್‌ಗೆ ದಿನಕ್ಕೆ 60 ಸೇರಿಸೋಣ, 620 ಆಯಿತು. ನಾಲ್ಕು ದಿನಕ್ಕೆ 2480, ಒಗೆಯುವ ದಿನಕ್ಕೆ 200 ಹೆಚ್ಚು. ಒಟ್ಟು 2680, ದಿನಕ್ಕೆ ಸರಾಸರಿ 670.

ಈಗ ನಳದ ಕಡೆ ನೋಡಿ. 68 ಸೆಕೆಂಡಿಗೆ 15 ಲೀಟರ್ ಅಂದರೆ ನಿಮಿಷಕ್ಕೆ 13 ಚಿಲ್ಲರೆ. ಮೂರು ತಾಸಿಗೆ 2380 ಲೀಟರ್. ನಿಮಗೆ ಬೇಕಾದದ್ದು 2680. ಪ್ರತಿ ಸರದಿಗೆ 300 ಲೀಟರ್ ಸಾಲ ಬೀಳುತ್ತದೆ. ಹತ್ತು ಸಾವಿರದ ಸಂಪ್ ಕಟ್ಟಿಸಿದರೂ ಬ್ಯಾಸಗಿಯಲ್ಲಿ ಅದು ಒಂದು ಸಲವೂ ತುಂಬುವುದಿಲ್ಲ, ಟ್ಯಾಂಕರಿನವನ ನೀರು ಹಿಡಿದಿಡಲಷ್ಟೇ ದೊಡ್ಡ ಜಾಗ ಆದೀತು. ಮೊದಲು ಸರಿಯಾಗಬೇಕಾದದ್ದು ಒಳಹರಿವು, ಸಂಪಿನ ಗಾತ್ರ ಆಮೇಲೆ. ಆ ಅಂಗಳದ ನಳ ನೆಲದಿಂದ ಎಷ್ಟು ಎತ್ತರ ಇದೆ?

ದುಧನಿ:
ದಿನದ ಲೆಕ್ಕ ತಪ್ಪಿದೆ, ಒಪ್ಪಿದೆ. ಹಾಗಿದ್ದರೆ ಕನೆಕ್ಷನ್ನಿಗೇ ಅರ್ಧ ಎಚ್‌ಪಿ ಮೋಟರ್ ಹಚ್ಚಿ ಎಳೆದರಾಯಿತು. ಓಣಿಯಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ.

ಭೀಮಾತೀರ:
ದಯವಿಟ್ಟು ಬೇಡ. ನಿಯಮಕ್ಕೆ ವಿರುದ್ಧ ಅನ್ನುವುದು ಒಂದು. ಅದಕ್ಕಿಂತ ಕೆಟ್ಟದ್ದು, ಮೋಟರ್ ಎಳೆದಾಗ ಬೀದಿಯ ಪೈಪಿನೊಳಗೆ ಒತ್ತಡದ ಬದಲು ಸೆಳೆತ ಹುಟ್ಟುತ್ತದೆ. ಸಡಿಲಾದ ಜೋಡಣೆ ಗಟಾರದ ಪಕ್ಕ ಇದ್ದರೆ ಆ ಹೊಲಸು ಪೈಪಿನೊಳಗೆ ಬರುತ್ತದೆ, ಮೊದಲು ನಿಮ್ಮ ಸಂಪಿಗೇ. ಓಣಿಯ ಕೊನೆಯ ಮನೆಗೆ ಹನಿ ನೀರೂ ಹೋಗುವುದಿಲ್ಲ.

ಹೊಟಗಿ ರೋಡ್:
ನಳ ನೆಲದಿಂದ ಮೂರೂವರಿ ಫೂಟ್ ಎತ್ತರ ಅದ ರಿ.

ಭೀಮಾತೀರ:
ಅಲ್ಲೇ ಗುಟ್ಟು ಇದೆ. ನಿಮ್ಮ ಓಣಿ ಲೈನಿನ ಕೊನೆಯಲ್ಲಿದೆ ಅನಿಸುತ್ತದೆ. ಒತ್ತಡ ಕಡಿಮೆ ಇರುವ ಕಡೆ ಒಂದೊಂದು ಫೂಟಿಗೂ ಬೆಲೆ ಇದೆ. ಮೀಟರಿನ ಹತ್ತಿರ ಎರಡು ಫೂಟ್ ತಗ್ಗು ತೋಡಿ, ಪೈಪಿನ ಬಾಯಿ ಅದರೊಳಗೆ ಇಳಿಸಿ ಮತ್ತೆ ಬಕೆಟ್ ಹಿಡಿಯಿರಿ. ಒಂದೇ ಸಲ ಸಾಲದು. ನಳ ಬಂದ ಹೊಸದರಲ್ಲಿ, ನಡುವೆ, ನಿಲ್ಲುವ ಮುಂಚೆ ಹೀಗೆ ಮೂರು ಸಲ ಹಿಡಿಯಿರಿ. ಮೊದಲಿಗೆ ಪೈಪಿನಲ್ಲಿ ಗಾಳಿ ಇರುತ್ತದೆ, ಕೊನೆಗೆ ಒತ್ತಡ ಇಳಿಯುತ್ತದೆ, ನಡುವಿನ ಅಂಕಿಯೊಂದನ್ನೇ ನಂಬಿದರೆ ಲೆಕ್ಕ ಉಬ್ಬುತ್ತದೆ.

ಹೊಟಗಿ ರೋಡ್:
ಐದು ದಿನ ಆದ ಮ್ಯಾಲ ಬರದೀನಿ, ನಳ ಒಂದು ದಿನ ತಡಾ ಮಾಡ್ತು. ತಗ್ಗಿನ್ಯಾಗ ಹಿಡದಾಗ ಮೊದಲ ಅರ್ಧ ತಾಸು 60 ಸೆಕೆಂಡ್, ನಡುವ 41, ಕಡೀ ಅರ್ಧ ತಾಸು 75. ನಂಬಲಿಕ್ಕೇ ಆಗಲಿಲ್ಲ.

ಭೀಮಾತೀರ:
ಚೆನ್ನಾಗಿ ಅಳೆದಿದ್ದೀರಿ. ಮೊದಲ ಅರ್ಧ ತಾಸಿಗೆ 450, ನಡುವಿನ ಎರಡು ತಾಸಿಗೆ ಸುಮಾರು 2640, ಕೊನೆಗೆ 360. ಒಟ್ಟು 3450. ಈಗ ಪ್ರತಿ ಸರದಿಗೆ 770 ಲೀಟರ್ ಉಳಿತಾಯ. ಅದೇ ಪೈಪು, ಅದೇ ನೀರು, ಬಾಯಿ ಐದೂವರೆ ಫೂಟ್ ಕೆಳಗೆ ಬಂದಿದೆ ಅಷ್ಟೇ.

ಇನ್ನು ಗಾತ್ರ. ಒಂದು ದಿನ ತಡವಾದದ್ದನ್ನು ನೀವೇ ನೋಡಿದಿರಿ. ಲೈನ್ ಒಡೆದರೆ, ಪಂಪ್‌ಹೌಸಿನಲ್ಲಿ ಕರೆಂಟ್ ಹೋದರೆ ಎರಡು ದಿನವೂ ಜಾರಬಹುದು. ಉಜನಿ ಡ್ಯಾಮಿನಿಂದ ಅಷ್ಟು ದೂರ ಬರುವ ನೀರಿಗೆ ಎರಡು ದಿನದ ಕಾಪು ಹೆಚ್ಚಲ್ಲ. ಆರು ದಿನಕ್ಕೆ ದಿನಕ್ಕೆ 670ರಂತೆ 4020 ಲೀಟರ್. ಇದು ಬಳಸಲು ಸಿಗುವ ನೀರಾಗಿರಬೇಕು. ಮೇಲಿನ ಟಾಕಿಯನ್ನು ಇದರಲ್ಲಿ ಕಳೆಯಬೇಡಿ. ನಳ ಇರುವಾಗಲೇ ಮೋಟರ್ ಹಚ್ಚಿ ಟಾಕಿ ತುಂಬಿಸಿದರೆ ಮಾತ್ರ ಅದು ಹೆಚ್ಚಿನ ನೀರು, ನಸುಕಿನ ಮೂರಕ್ಕೆ ಯಾರು ಏಳುತ್ತಾರೆ? ಕಾಪು ಪೂರ್ತಿ ಬಳಸಿದ ಮೇಲೆ ತಿರುಗಿ ತುಂಬಲು ಎರಡು ಸರದಿ ಬೇಕು. ಆ ಎರಡರ ನಡುವಿನ ನಾಲ್ಕು ದಿನ ಕೈ ಬಿಗಿ ಹಿಡಿಯಿರಿ.

ಮೇಲಿನ ಟಾಕಿ 1000 ಸಾಕು. ಒಂದು ದಿನದ ಬಳಕೆ ಕಳೆದು ಮೇಲೆ ಕರೆಂಟ್ ಹೋದರೂ ಅರ್ಧ ದಿನ ನಡೆಯುತ್ತದೆ. 2000 ಅಂದರೆ ಸ್ಲ್ಯಾಬಿನ ಮೇಲೆ ಎರಡು ಟನ್ ಭಾರ. ಕಂಬ ಮತ್ತು ಬೀಮಿನ ಮೇಲೆ ಕೂರಿಸದಿದ್ದರೆ ಕೆಳಗೆ ಬಿರುಕು ಕಾಣಿಸುತ್ತದೆ.

ಬೋರಿ ದಂಡೆ:
ಅಣ್ಣಾ, ಕಟ್ಟಡದ ಕಡೆಯಿಂದ ಒಂದು ಮಾತು. ಒಳ ಅಳತೆ 6×5 ಫೂಟ್ ಮಾಡಿದರೆ ಪ್ರತಿ ಫೂಟ್ ಆಳಕ್ಕೆ 850 ಲೀಟರ್, 4020ಕ್ಕೆ ನೀರೇ ಪೌಣೆ ಐದು ಫೂಟ್ ನಿಲ್ಲಬೇಕು. ಪೈಪಿನ ಬಾಯಿ ಎರಡು ಫೂಟ್ ಕೆಳಗಿದೆ, ನೀರು ಅದಕ್ಕಿಂತ ಕನಿಷ್ಠ ಮೂರು ಇಂಚು ಕೆಳಗೇ ನಿಲ್ಲಬೇಕು, ತಳದಲ್ಲಿ ಫುಟ್‌ವಾಲ್ವ್ ಎಳೆಯದ ಅರ್ಧ ಫೂಟ್ ಕೆಸರಿಗೆ ಬಿಡಬೇಕು. ಅಲ್ಲಿಗೆ ಒಟ್ಟು ಆಳ ಏಳೂವರೆ ಫೂಟ್. ನಿಮ್ಮ ಕಡೆ ಮೇಲೆ ಕರಿ ಮಣ್ಣು, ಕೆಳಗೆ ಮುರುಮ, ಆಮೇಲೆ ಕರಿಕಲ್ಲು. ಆಳ ಹೋದಷ್ಟೂ ಖರ್ಚು. 8×6 ಮಾಡಿ. ಫೂಟಿಗೆ 1360 ಲೀಟರ್, ನೀರು ಮೂರು ಫೂಟ್, ಒಟ್ಟು ಆಳ ಪೌಣೆ ಆರು. ಕರಿ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗೋಡೆ ತಳ್ಳುತ್ತದೆ, ಬರೀ ಇಟ್ಟಿಗೆ ಗೋಡೆ ಬೇಡ, ಆರ್‌ಸಿಸಿ ಹಾಕಿಸಿ, ಸುತ್ತ ಮುರುಮ ತುಂಬಿಸಿ.

ದುಧನಿ:
ಮೇಲಿನ ಎರಡು ಫೂಟ್ ಸುಮ್ಮನೆ ಖಾಲಿ ಬಿಡುವುದಾ? 8×6ಕ್ಕೆ ಅದೇ 2700 ಲೀಟರ್ ಜಾಗ. ಎರಡು ಬಾಯಿ ಕೊಟ್ಟು, ಒತ್ತಡ ಚೆನ್ನಾಗಿದ್ದ ದಿನ ಕೆಳಗಿನ ವಾಲ್ವ್ ಬಂದ್ ಮಾಡಿ ಮೇಲಿನದರಿಂದ ತುಂಬಿಸಬಹುದಲ್ಲ?

ಭೀಮಾತೀರ:
ಯೋಚನೆ ಒಳ್ಳೆಯದು, ಆದರೆ ನನಗೆ ಧೈರ್ಯ ಬರುವುದಿಲ್ಲ. ಕೆಳಗಿನ ವಾಲ್ವ್ ಬಂದ್ ಮಾಡಲು ಒಂದು ದಿನ ಮರೆತು ಬಾಯಿ ನೀರಿನಲ್ಲಿ ಮುಳುಗಿದರೆ, ನಳ ನಿಂತ ಕೂಡಲೇ ಬೀದಿಯ ಪೈಪು ನಿಮ್ಮ ಸಂಪಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ. ರಾತ್ರಿ ತುಂಬಿದ ಸಂಪ್ ಬೆಳಗ್ಗೆ ಒಂದು ಗೇಣು ಇಳಿದಿದ್ದರೆ ಸೋರಿಕೆ ಅಂತ ಸಿಮೆಂಟ್ ಹಚ್ಚುವ ಮುಂಚೆ ಇದನ್ನು ನೋಡಬೇಕು.

ಬೋರಿ ದಂಡೆ:
ನಾನು ದುಧನಿಯವರ ಕಡೆ. ಕೆಳಗಿನ ಬಾಯಿಗೆ ನಾನ್-ರಿಟರ್ನ್ ವಾಲ್ವ್ ಹಾಕಿದರೆ ಆ ಭಯ ಇಲ್ಲ.

ಭೀಮಾತೀರ:
ನಮ್ಮ ನೀರಿನ ಮರಳು ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚದೆ ನಿಲ್ಲುವುದುಂಟು, ಅಕ್ಕಾ. ಜೊತೆಗೆ ಈ ಕಡಿಮೆ ಒತ್ತಡದಲ್ಲಿ ಅದರ ಸ್ಪ್ರಿಂಗ್ ಕೂಡ ಹರಿವನ್ನು ತಿನ್ನುತ್ತದೆ.

ಹೊಟಗಿ ರೋಡ್:
ಇಬ್ಬರ ಮಾತೂ ತಲ್ಯಾಗ ಇಟ್ಕೊಂಡೀನಿ. ಸದ್ಯ 8×6, ಒಂದೇ ಬಾಯಿ ಅಂತ ಗವಂಡಿಗೆ ಹೇಳೀನಿ. ಮೀಟರಿನಿಂದ ಸಂಪಿಗೆ ಪೈಪ್ ಅರ್ಧ ಇಂಚಿಂದೇ ಸಾಕೇನ್ರಿ? ನೀರು ಆರು ದಿನ ನಿಂತ್ರ ಕೆಡಂಗಿಲ್ಲ?

ಭೀಮಾತೀರ:
ಮೀಟರ್ ದಾಟಿದ ಮೇಲೆ ಒಂದು ಇಂಚಿನದು ಹಾಕಿ, ತಿರುವು ಕಡಿಮೆ ಇರಲಿ. ಫ್ಲೋಟ್ ವಾಲ್ವ್ ಕೂಡ ಒಂದು ಇಂಚಿನದೇ, ಅರ್ಧ ಇಂಚಿನದು ಹಾಕಿದರೆ ಗಳಿಸಿದ್ದು ಅಲ್ಲೇ ಹೋಗುತ್ತದೆ. ಸಂಪಿಗೆ ಮುಂಚೆ ಒಂದು ಟಿ ಕೊಟ್ಟು ವಾಲ್ವ್ ಇಡಿಸಿ, ಮೊದಲ ಕೆಂಪು ನೀರು ಗಿಡಕ್ಕೆ ಹೋಗಲಿ.

ನಿಂತ ನೀರಿನಲ್ಲಿ ಕ್ಲೋರಿನ್ ಇಳಿದುಹೋಗುತ್ತದೆ. ನಳ ಜಾರಿದ ವಾರದಲ್ಲಿ 1000 ಲೀಟರಿಗೆ 2.5 ಗ್ರಾಮಿನಂತೆ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸಂಪಿಗೆ ಹಾಕಿ ಒಂದು ತಾಸು ಬಿಡಿ. ಎಷ್ಟು ನೀರು ಉಳಿದಿದೆಯೋ ಅಷ್ಟಕ್ಕೇ ಲೆಕ್ಕ. 8×6ರಲ್ಲಿ ಕೋಲಿಗೆ ಒಂದೊಂದು ಫೂಟಿಗೆ ಗೀಟು ಹಾಕಿಟ್ಟರೆ ನೋಡಿದ ಕೂಡಲೇ ತಿಳಿಯುತ್ತದೆ. ಮುಚ್ಚಳದ ಸಂದಿಗೆ ರಬ್ಬರ್, ಗಾಳಿ ಪೈಪಿಗೆ ಸಣ್ಣ ಜಾಲರಿ ಮರೆಯಬೇಡಿ, ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರಲು ಒಂದು ವಾರ ಸಾಕು.