ಸ್ಟೀರಿಂಗ್ ಕಮಿಟಿಯಲ್ಲಿ "ನೋಡ್ತೀನಿ" ಅಂದರೆ ನಿರ್ಧಾರವೇ?

ಪ್ರಶ್ನೆ, ಚಿಕ್ಕಮಗಳೂರಿನಿಂದ: ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ತೂಕ, ಬಿಲ್ಲಿಂಗ್‌ನ ಹೊಸ ಸಾಫ್ಟ್‌ವೇರ್ ಬರ್ತಿದೆ. ಕಮಿಟಿ ಎರಡು ಗಂಟೆ ಮಾತಾಡಿತು, ನನ್ನ ನೋಟ್‌ಬುಕ್ಕಲ್ಲಿ ಉಳಿದಿದ್ದು ಇಷ್ಟು: "ನವೆಂಬರ್ 10ಕ್ಕೆ ಶುರು, ಎಲ್ಲರೂ ಸರಿ ಅಂದರು. ವೇಬ್ರಿಡ್ಜ್ ಕೇಬಲ್ ಬಂದಿಲ್ಲ. ಎರಡನೇ ಗೋಡೌನ್‌ಗೆ 1.8 ಲಕ್ಷ ಜಾಸ್ತಿ ಬೇಕು, ಮ್ಯಾನೇಜರ್ ನೋಡ್ತೀನಿ ಅಂದರು. ಮಳೆ ಬಂದರೆ ಕೊಯ್ಲು ತಡ." ಇದನ್ನು ನಿರ್ಧಾರ, ರಿಸ್ಕ್, ಎಸ್ಕಲೇಶನ್ ಅಂತ ಹೇಗೆ ವಿಂಗಡಿಸಲಿ?

ಒಬ್ಬರು: ಮುಂದಿನ ಸಲ ರೆಕಾರ್ಡ್ ಮಾಡಿ ಸಾರ್, ಯಾರು ಏನಂದರು ಅಂತ ಮಾತು ಬಿಡದೆ ಬರೆಯಿರಿ. ಆಮೇಲೆ ಯಾರೂ ಜಾರಿಕೊಳ್ಳೋಕೆ ಆಗಲ್ಲ.

ಹಾಲಿನ ಸೊಸೈಟಿ ಕಾರ್ಯದರ್ಶಿ, ಹಾಸನ: ಇಷ್ಟಕ್ಕೆ ಯಾಕೆ ತಲೆಬಿಸಿ? ನಮ್ಮ ಠರಾವು ಪುಸ್ತಕದಲ್ಲಿ ಸೂಚಕರು, ಅನುಮೋದಕರು, ಸಹಿ. ಮುಗೀತು.

ಪ್ರಾಜೆಕ್ಟ್ ಆಫೀಸ್ ಕೆಲಸದವಳು, ಹಾಸನ: ರೆಕಾರ್ಡಿಂಗ್ ನಿಮ್ಮ ನೆನಪಿಗೆ ಇರಲಿ, ಆದರೆ ಹದಿನೈದು ಪುಟ ಬರೆದರೆ ನಿರ್ಧಾರ ಹುಡುಕೋದೇ ಕೆಲಸ ಆಗುತ್ತೆ. ಠರಾವಿನಲ್ಲೂ ಒಂದು ಒಳ್ಳೇ ಗುಣ ಇದೆ: ಒಪ್ಪಿದವರು ಯಾರು ಅಂತ ಗೊತ್ತಾಗುತ್ತೆ. ನಿಮ್ಮ "ಎಲ್ಲರೂ ಸರಿ ಅಂದರು" ಅನ್ನೋದರಲ್ಲಿ ಅದಿಲ್ಲ. ಹೀಗೆ ಬರೆಯಿರಿ: "ನವೆಂಬರ್ 10ಕ್ಕೆ ಶುರು, ಅಧ್ಯಕ್ಷರ ಒಪ್ಪಿಗೆ, ಅಕ್ಟೋಬರ್ 25ರೊಳಗೆ ವೇಬ್ರಿಡ್ಜ್ ಜೋಡಣೆಯಾಗಿರಬೇಕು." ಆ ಷರತ್ತು ಸಭೆಯಲ್ಲಿ ಬಂದಿರದಿದ್ದರೆ ಸುಮ್ನೆ ನೀವೇ ಸೇರಿಸಬೇಡಿ, ಫೋನ್ ಮಾಡಿ ಕೇಳಿ.

ಕೇಬಲ್ ಬಂದಿಲ್ಲ ಅನ್ನೋದು ರಿಸ್ಕ್ ಅಲ್ಲ, ಆಗಲೇ ಆಗಿರುವ ಸಮಸ್ಯೆ. ರಿಸ್ಕ್ ಇರೋದು ಅದರ ಮುಂದೆ: 25ಕ್ಕೂ ಬರದಿದ್ದರೆ ತೂಕವನ್ನು ಕೈಯಲ್ಲಿ ಟೈಪ್ ಮಾಡಬೇಕು, ತಪ್ಪಾದರೆ ಬೆಳೆಗಾರರ ಜೊತೆ ಜಗಳ. ಅದಕ್ಕೆ ಒಬ್ಬರ ಹೆಸರು ಹಾಕಿ. ಇನ್ನು ಮಳೆ. ಕೊಯ್ಲು ತಡವಾದರೆ ನಿಮಗೆ ಸಮಯವೇ ಸಿಗುತ್ತೆ ಅಲ್ವಾ! ಭಯ ಪಡಬೇಕಾದ್ದು ಒಣಗೋದು ತಡವಾಗಿ ಆಮೇಲೆ ಎಲ್ಲ ಲೋಡು ಒಂದೇ ವಾರ ಗೇಟಿಗೆ ಬಂದರೆ, ಅಷ್ಟರಲ್ಲಿ ಹುಡುಗರಿಗೆ ಹೊಸ ಸಾಫ್ಟ್‌ವೇರ್‌ನಲ್ಲಿ ಕೈ ಕೂತಿರಲ್ಲ.

"ನೋಡ್ತೀನಿ" ಯಾವತ್ತೂ ನಿರ್ಧಾರ ಅಲ್ಲ. ಮ್ಯಾನೇಜರ್ ಎಷ್ಟರವರೆಗೆ ಸಹಿ ಹಾಕಬಹುದು?

ಕೇಳಿದವರು: 1 ಲಕ್ಷ, ಮೇಡಂ. ಅದಕ್ಕಿಂತ ಜಾಸ್ತಿ ಅಂದರೆ ನಿರ್ದೇಶಕರ ಮಂಡಳಿ.

ಪ್ರಾಜೆಕ್ಟ್ ಆಫೀಸ್ ಕೆಲಸದವಳು: ಹಾಗಾದರೆ ಅದು ಎಸ್ಕಲೇಶನ್. ಯಾರನ್ನು, ಏನು ಕೇಳ್ತಿದ್ದೀರಿ, ಯಾವ ತಾರೀಖಿನೊಳಗೆ, ಉತ್ತರ ಬರದಿದ್ದರೆ ಏನು ನಿಲ್ಲುತ್ತೆ ಅನ್ನೋದು ಇರಲೇಬೇಕು. "ಮಂಡಳಿ 1.8 ಲಕ್ಷ ಮಂಜೂರು ಮಾಡಬೇಕು, ಅಕ್ಟೋಬರ್ 20ರೊಳಗೆ. ಇಲ್ಲದಿದ್ದರೆ ಎರಡನೇ ಗೋಡೌನ್ ಈ ಸೀಸನ್‌ಗೆ ಹಳೇ ರಿಜಿಸ್ಟರ್‌ನಲ್ಲೇ." ಕೊನೇ ಭಾಗ ಬಿಟ್ಟರೆ ಆ ಕಾಗದ ಫೈಲಲ್ಲೇ ಮಲಗುತ್ತೆ, ನನ್ನದೇ ಒಂದು ಮೂರು ತಿಂಗಳು ಮಲಗಿತ್ತು. ಬರೆದಿದ್ದನ್ನೆಲ್ಲ ಸಭೆಯ ಮರುದಿನವೇ ಅಧ್ಯಕ್ಷರಿಗೆ ಕಳಿಸಿ, ಅವರು ಓಕೆ ಅಂದಮೇಲೆ ಉಳಿದವರಿಗೆ.

ಕೇಳಿದವರು: ನಿಜ ಹೇಳಬೇಕಂದರೆ ಎಲ್ಲರೂ ಸರಿ ಅಂದಿರಲಿಲ್ಲ, ಅಕೌಂಟೆಂಟ್ ಒಬ್ಬರು 10ನೇ ತಾರೀಖು ಬೇಡ ಅಂದಿದ್ದರು. ಹೆಸರು ಹಾಕಲಾ?

ಕಾರ್ಯದರ್ಶಿ: ಹಾಕಿ, ನಾವು ಹಾಕ್ತೀವಿ.

ಪ್ರಾಜೆಕ್ಟ್ ಆಫೀಸ್ ಕೆಲಸದವಳು: ನಾನಾದರೆ ಕಾರಣ ಮಾತ್ರ ಬರೀತೀನಿ. ಹೆಸರು ಹಾಕಿದರೆ ಮುಂದಿನ ಸಭೆಯಲ್ಲಿ ಅವರು ಬಾಯೇ ಬಿಡಲ್ಲ. ಅವರನ್ನೇ ಒಂದು ಮಾತು ಕೇಳಿ ನೋಡಿ.